ಎಟಿಎಂ ಹಣ ಕೊಡಲಿಲ್ಲ, ಖಾತೆಯಿಂದ ಕಡಿತವಾಯಿತು: ದೂರಿನ ಅರ್ಜಿಯನ್ನು ತಾಳೆ ನೋಡುವ ಬಗೆ

ಕಲಬುರಗಿಯ ಶಾಖೆಯೊಂದರಲ್ಲಿ ನೀವು ಕೊಟ್ಟ ದೂರಿನ ಅರ್ಜಿಯನ್ನು ಕೊನೆಗೆ ಪರಿಶೀಲಿಸುವವರು ಬೇರೆ ಯಾವುದೋ ಊರಿನ ಕಚೇರಿಯಲ್ಲಿ ಕುಳಿತಿರುತ್ತಾರೆ. ಅವರಿಗೆ ನೀವು ಯಾರೆಂದು ಗೊತ್ತಿಲ್ಲ, ಯಂತ್ರದ ಮುಂದೆ ಎಷ್ಟು ಹೊತ್ತು ಕಾದಿರೆಂದು ಗೊತ್ತಿಲ್ಲ. ಅವರ ಮುಂದೆ ಇರುವುದು ಅರ್ಜಿಯಲ್ಲಿ ಬರೆದ ದಿನಾಂಕ, ಸಮಯ, ಮೊತ್ತ, ಎಟಿಎಂ ಸಂಖ್ಯೆ ಮತ್ತು ಉಲ್ಲೇಖ ಸಂಖ್ಯೆ ಅಷ್ಟೇ. ಅವುಗಳನ್ನು ಹಿಡಿದು ಅವರು ಯಂತ್ರದ ದಾಖಲೆಯಲ್ಲಿ ಒಂದು ವಹಿವಾಟನ್ನು ಹುಡುಕುತ್ತಾರೆ. ಸಿಕ್ಕಿದ ವಹಿವಾಟು ವಿಫಲವಾಗಿದ್ದರೆ ಹಣ ಮರಳುತ್ತದೆ, ಯಶಸ್ವಿಯಾಗಿದ್ದರೆ ದೂರು ತಿರಸ್ಕೃತವಾಗುತ್ತದೆ. ಹಾಗಾಗಿ ಅರ್ಜಿ ಬೊಟ್ಟು ಮಾಡುತ್ತಿರುವುದು ಸರಿಯಾದ ವಹಿವಾಟಿನ ಕಡೆಗೇ ಹೌದೇ ಎಂಬುದನ್ನು ಕೊಡುವ ಮೊದಲೇ ನೋಡಿಕೊಳ್ಳಬೇಕು. ನ್ಯಾಯವಾದ ದೂರುಗಳೂ ಇಲ್ಲೇ ಎಡವುತ್ತವೆ.

ಹಣ ಬಾರದೆ ಕಡಿತ ಮಾತ್ರ ಆಗುವುದು ಹೇಗೆ ಎಂಬುದು ಮೊದಲು ಗೊತ್ತಿರಲಿ. ನಿಮ್ಮ ಕಾರ್ಡು ಒಂದು ಬ್ಯಾಂಕಿನದು, ಯಂತ್ರ ಇನ್ನೊಂದು ಬ್ಯಾಂಕಿನದು ಎಂದುಕೊಳ್ಳಿ. ನೀವು ಪಿನ್ ಒತ್ತಿದ ಕೂಡಲೇ ಕೋರಿಕೆ ಯಂತ್ರದಿಂದ ಅದರ ಬ್ಯಾಂಕಿಗೆ, ಅಲ್ಲಿಂದ ರಾಷ್ಟ್ರೀಯ ಪಾವತಿ ನಿಗಮದ ಜಾಲದ ಮೂಲಕ ನಿಮ್ಮ ಬ್ಯಾಂಕಿಗೆ ಹೋಗುತ್ತದೆ. ನಿಮ್ಮ ಬ್ಯಾಂಕು ಬಾಕಿ ನೋಡಿ, ಮೊತ್ತವನ್ನು ಖಾತೆಯಿಂದ ಕಳೆದು, ‘ಕೊಡಬಹುದು’ ಎಂಬ ಉತ್ತರವನ್ನು ಅದೇ ದಾರಿಯಲ್ಲಿ ವಾಪಸು ಕಳಿಸುತ್ತದೆ. ಯಂತ್ರ ನೋಟು ಎಣಿಸುವುದು ಆಮೇಲೆ. ಅಂದರೆ ಕಡಿತ ಮೊದಲು, ನಗದು ನಂತರ. ಉತ್ತರ ಬರುವ ದಾರಿಯಲ್ಲಿ ಸಂಪರ್ಕ ಕಡಿದರೆ ಯಂತ್ರ ಕೈಚೆಲ್ಲುತ್ತದೆ. ಉತ್ತರ ಬಂದ ಮೇಲೆ ನೋಟು ಸಿಕ್ಕಿಹಾಕಿಕೊಂಡರೆ ಅವು ಯಂತ್ರದೊಳಗಿನ ತಿರಸ್ಕೃತ ನೋಟಿನ ಪೆಟ್ಟಿಗೆಗೆ ಬೀಳುತ್ತವೆ. ಎರಡೂ ಸಂದರ್ಭದಲ್ಲಿ ಯಂತ್ರದ ಕಡೆಯಿಂದ ‘ಕಡಿತವನ್ನು ರದ್ದು ಮಾಡಿ’ ಎಂಬ ಸಂದೇಶ ಹೋಗಬೇಕು. ಅದು ತಲುಪಿದರೆ ಕೆಲವೇ ನಿಮಿಷಗಳಲ್ಲಿ ಹಣ ಖಾತೆಗೆ ಮರಳುತ್ತದೆ. ಆ ಸಂದೇಶವೂ ದಾರಿಯಲ್ಲೇ ಕಳೆದುಹೋದರೆ, ಎರಡೂ ಬ್ಯಾಂಕುಗಳು ಲೆಕ್ಕ ಹೋಲಿಸಿ ನೋಡುವ ತನಕ ಕಡಿತ ಹಾಗೆಯೇ ಉಳಿಯುತ್ತದೆ.

ಇನ್ನು ಒಂದು ಪ್ರಕರಣವನ್ನು ಹೆಜ್ಜೆ ಹೆಜ್ಜೆಯಾಗಿ ನೋಡೋಣ. ಉದಾಹರಣೆಗಾಗಿ ಕಟ್ಟಿಕೊಂಡದ್ದು, ಆದರೆ ಇದರ ತಪ್ಪುಗಳು ದಿನವೂ ಆಗುವಂಥವು.

ಸೇಡಂ ತಾಲ್ಲೂಕಿನ ರೈತರೊಬ್ಬರು ತೊಗರಿ ಮಾರಲು ಕಲಬುರಗಿಯ ನೆಹರೂ ಗಂಜ್‌ಗೆ ಬಂದಿದ್ದಾರೆ. ದಿನಾಂಕ 2026ರ ಜನವರಿ 9, ಶುಕ್ರವಾರ. ರಾಶಿ ಮಾಡಿದ ಕೂಲಿಯಾಳುಗಳಿಗೆ ಕೊಡಲು ನಗದು ಬೇಕು. ಸಂಜೆ 7.42ಕ್ಕೆ ಬೇರೆ ಬ್ಯಾಂಕಿನ ಎಟಿಎಂ ಒಂದರಲ್ಲಿ 10,000 ರೂಪಾಯಿ ಕೇಳುತ್ತಾರೆ. ಒಳಗೆ ನೋಟು ಎಣಿಸುವ ಸದ್ದಾಗುತ್ತದೆ, ನಿಲ್ಲುತ್ತದೆ, ಪರದೆಯ ಮೇಲೆ ಕ್ಷಮಿಸಿ ಎಂಬ ಸಾಲು ಮೂಡಿ ಕಾರ್ಡು ಹೊರಬರುತ್ತದೆ. ಹಣವೂ ಇಲ್ಲ, ಚೀಟಿಯೂ ಇಲ್ಲ. ಅವರು ರಸ್ತೆ ದಾಟಿ ಮತ್ತೊಂದು ಬ್ಯಾಂಕಿನ ಎಟಿಎಂಗೆ ಹೋಗಿ 7.49ಕ್ಕೆ ಮತ್ತೆ 10,000 ತೆಗೆಯುತ್ತಾರೆ. ಇಲ್ಲಿ ಹಣ ಬರುತ್ತದೆ, ಚೀಟಿಯೂ ಬರುತ್ತದೆ. ಮೊಬೈಲ್ ನೋಡಿದಾಗ ಎರಡು ಕಡಿತದ ಸಂದೇಶಗಳಿವೆ. ಮರುದಿನ ಎರಡನೇ ಶನಿವಾರ, ಆಮೇಲೆ ಭಾನುವಾರ. ಸೋಮವಾರ ಶಾಖೆಗೆ ಹೋಗಿ ಅರ್ಜಿ ತುಂಬಲು ಕೂರುತ್ತಾರೆ.

ಅರ್ಜಿ ಎಟಿಎಂ ಸಂಖ್ಯೆ ಕೇಳುತ್ತದೆ, ಉಲ್ಲೇಖ ಸಂಖ್ಯೆ ಕೇಳುತ್ತದೆ. ಅವರ ಜೇಬಿನಲ್ಲಿ ಇರುವುದು ಒಂದೇ ಚೀಟಿ. ಅದರಲ್ಲಿ ಎರಡೂ ಸಂಖ್ಯೆಗಳು ಸ್ಪಷ್ಟವಾಗಿ ಅಚ್ಚಾಗಿವೆ. ಮೊತ್ತ 10,000, ದಿನಾಂಕ 9. ನೋಡಿ ಬರೆಯುತ್ತಾರೆ, ಚೀಟಿಯನ್ನೇ ಲಗತ್ತಿಸುತ್ತಾರೆ. ಆದರೆ ಆ ಚೀಟಿ ಹಣ ಬಂದ ಎಟಿಎಂನದು! ಪರಿಶೀಲಿಸುವವರು ಆ ಯಂತ್ರದ ದಾಖಲೆ ತೆರೆದು ನೋಡಿದಾಗ ನೋಟು ಹೊರಗೆ ಹೋಗಿದೆ, ಗ್ರಾಹಕರು ತೆಗೆದುಕೊಂಡಿದ್ದಾರೆ ಎಂದೇ ಇರುತ್ತದೆ. ‘ವಹಿವಾಟು ಯಶಸ್ವಿಯಾಗಿದೆ’ ಎಂಬ ಉತ್ತರ ಬರುತ್ತದೆ. ಆ ಉತ್ತರದಲ್ಲಿ ಸುಳ್ಳಿಲ್ಲ, ರೈತರ ಮಾತಿನಲ್ಲೂ ಸುಳ್ಳಿಲ್ಲ. ಅರ್ಜಿ ತೋರಿಸಿದ ಸಾಲು ಮಾತ್ರ ಬೇರೆ.

ಈ ತಪ್ಪನ್ನು ಹಿಡಿಯಲು ಖಾತೆಯ ಸ್ಟೇಟ್‌ಮೆಂಟನ್ನೂ ಮೊಬೈಲಿನ ಸಂದೇಶಗಳನ್ನೂ ಪಕ್ಕ ಪಕ್ಕ ಇಟ್ಟು ಓದಬೇಕು. ಸ್ಟೇಟ್‌ಮೆಂಟಿನಲ್ಲಿ ಸಾಮಾನ್ಯವಾಗಿ ಗಂಟೆ ನಿಮಿಷ ಇರುವುದಿಲ್ಲ. ದಿನಾಂಕ, `ATM WDL` ಎಂಬಂಥ ವಿವರಣೆ, ಅದರ ಬೆನ್ನಿಗೆ ಒಂದಿಷ್ಟು ಅಂಕಿಗಳು, ಕಡಿತದ ಮೊತ್ತ, ಉಳಿದ ಬಾಕಿ, ಇಷ್ಟೇ. ಸಮಯ ಇರುವುದು ಸಂದೇಶದಲ್ಲಿ. ನಮ್ಮ ರೈತರ ಖಾತೆಯಲ್ಲಿ ಆ ಸಂಜೆ 46,300 ರೂಪಾಯಿ ಇತ್ತು. ಮೊದಲ ಸಾಲಿನ ಕಡಿತದ ಬಳಿಕ 36,300, ಎರಡನೆಯದರ ಬಳಿಕ 26,300. 7.42ರ ಸಂದೇಶದಲ್ಲಿ ಬಾಕಿ 36,300 ಎಂದಿದ್ದರೆ ಸ್ಟೇಟ್‌ಮೆಂಟಿನ ಮೊದಲ ಸಾಲೇ ಹಣ ಬಾರದ ವಹಿವಾಟು. ಆ ಸಾಲಿನ ವಿವರಣೆಯಲ್ಲಿರುವ ಅಂಕಿಗಳನ್ನೇ ಅರ್ಜಿಗೆ ಇಳಿಸಬೇಕು. ಹನ್ನೆರಡು ಅಂಕಿಗಳ ಉಲ್ಲೇಖ ಸಂಖ್ಯೆ ಅಲ್ಲಿ ಪೂರ್ತಿ ಕಾಣದಿದ್ದರೆ ಶಾಖೆಯವರ ಗಣಕದಲ್ಲಿ ಆ ಸಾಲನ್ನು ತೆರೆಸಿ ಕೇಳಿ ಪಡೆಯಬಹುದು. ಸಿಗದೆ ಹೋದರೆ ಆ ಜಾಗ ಖಾಲಿ ಇರಲಿ. ಬೇರೆ ವಹಿವಾಟಿನ ಸಂಖ್ಯೆ ಬರೆಯುವುದಕ್ಕಿಂತ ಖಾಲಿ ಬಿಡುವುದು ಎಷ್ಟೋ ಮೇಲು, ಏಕೆಂದರೆ ಖಾತೆ ಸಂಖ್ಯೆ, ಸಮಯ ಮತ್ತು ಮೊತ್ತದಿಂದಲೂ ವಹಿವಾಟನ್ನು ಹುಡುಕಬಹುದು. ತಪ್ಪು ಸಂಖ್ಯೆ ಹುಡುಕುವವರನ್ನು ಬೇರೆಡೆಗೇ ಕರೆದೊಯ್ಯುತ್ತದೆ.

ಹಾಗಾದರೆ ಎರಡನೇ ಎಟಿಎಂನ ಚೀಟಿ ಬೇಡವೇ? ಬೇಕು, ಆದರೆ ಬೇರೆ ಕೆಲಸಕ್ಕೆ. ಅದರ ಕೆಳಗೆ ಬಾಕಿ 26,300 ಎಂದು ಅಚ್ಚಾಗಿದೆ. 46,300ರಿಂದ ಒಮ್ಮೆ ಮಾತ್ರ 10,000 ಹೋಗಿದ್ದರೆ ಅಲ್ಲಿ 36,300 ಇರಬೇಕಿತ್ತು. ಅಂದರೆ 7.49ರ ಹೊತ್ತಿಗೆ ಮೊದಲ ಕಡಿತ ಆಗಿ ಹೋಗಿತ್ತು, ರದ್ದಾಗಿರಲಿಲ್ಲ ಎಂಬುದಕ್ಕೆ ಆ ಪುಟ್ಟ ಕಾಗದವೇ ಸಾಕ್ಷಿ. ಅದನ್ನು ಲಗತ್ತಿಸುವಾಗ ‘ಇದು ನಂತರದ, ಹಣ ಬಂದ ವಹಿವಾಟಿನ ಚೀಟಿ, ಬಾಕಿ ತೋರಿಸಲು ಮಾತ್ರ’ ಎಂದು ಪಕ್ಕದಲ್ಲಿ ಬರೆಯಿರಿ. ಚೀಟಿಯ ನೆರಳಚ್ಚು ಪ್ರತಿಯನ್ನೂ ಅಂದೇ ತೆಗೆದುಕೊಳ್ಳಿ. ಆ ಕಾಗದದ ಮೇಲಿನ ಅಕ್ಷರ ಶಾಖಕ್ಕೆ ಮೂಡಿದ್ದು, ಬೇಸಿಗೆಯಲ್ಲಿ ಜೇಬಿನಲ್ಲಿಟ್ಟುಕೊಂಡು ತಿರುಗಿದರೆ ಮಾಸಿಹೋಗುತ್ತದೆ.

ಸ್ಟೇಟ್‌ಮೆಂಟ್ ಎಷ್ಟು ದಿನಗಳದ್ದು ಎಂಬುದೂ ಮುಖ್ಯ. ವಹಿವಾಟು ನಡೆದ ಒಂದೇ ದಿನದ ಪುಟ ತಂದು ಲಗತ್ತಿಸುವವರೇ ಹೆಚ್ಚು. ಅದರಲ್ಲಿ ಕಡಿತ ಕಾಣುತ್ತದೆ ನಿಜ, ಆದರೆ ಹಣ ಮರಳಿ ಬಂದಿಲ್ಲ ಎಂಬುದು ಹೇಗೆ ಗೊತ್ತಾಗಬೇಕು? ಹಿಂದಿನ ದಿನದಿಂದ ಹಿಡಿದು ಅರ್ಜಿ ಕೊಡುವ ದಿನದವರೆಗಿನ ಸ್ಟೇಟ್‌ಮೆಂಟ್ ತೆಗೆಸಿ. ಜಮಾ ಕಡೆಯ ಪ್ರತಿ ಸಾಲನ್ನೂ ನೋಡಿ. `REV` ಅಥವಾ `REVERSAL` ಎಂಬ ಗುರುತಿನೊಂದಿಗೆ ಅದೇ 10,000 ಜಮೆಯಾಗಿದ್ದರೆ ದೂರಿನ ಅಗತ್ಯವೇ ಇಲ್ಲ. ಹಣ ಬಂದರೂ ಸಂದೇಶ ಬಾರದಿರಬಹುದು, ಆದ್ದರಿಂದ ಮೊಬೈಲನ್ನೇ ನಂಬಿ ಕೂರಬಾರದು. ಪಾಸ್‌ಬುಕ್ ಮಾತ್ರ ಇರುವವರು ಅದನ್ನು ಅಂದಿನವರೆಗೆ ಮುದ್ರಿಸಿಕೊಳ್ಳಲಿ. ರಾತ್ರಿ ತಡವಾಗಿ ನಡೆದ ವಹಿವಾಟು ಕೆಲವೊಮ್ಮೆ ಮರುದಿನದ ದಿನಾಂಕದಲ್ಲಿ ದಾಖಲಾಗಿರುವುದುಂಟು. ಆಗ ಅರ್ಜಿಯಲ್ಲಿ ನಡೆದ ದಿನವನ್ನೇ ಬರೆದು, ಪಾಸ್‌ಬುಕ್ಕಿನಲ್ಲಿ ಯಾವ ದಿನಾಂಕದಡಿ ಬಂದಿದೆ ಎಂಬುದನ್ನು ಪಕ್ಕದಲ್ಲಿ ಸೂಚಿಸಿದರೆ ಗೊಂದಲ ಉಳಿಯುವುದಿಲ್ಲ.

ಅರ್ಜಿಯಲ್ಲಿ ಕಾರಣಕ್ಕೆ ಗುರುತು ಹಾಕುವ ಭಾಗದಲ್ಲಿ ಇನ್ನೊಂದು ಅಪಾಯವಿದೆ. ‘ಈ ವಹಿವಾಟನ್ನು ನಾನು ಮಾಡಿಲ್ಲ’ ಎಂಬ ಸಾಲೂ ‘ನಗದು ಬರಲಿಲ್ಲ’ ಎಂಬ ಸಾಲೂ ಹತ್ತಿರ ಹತ್ತಿರ ಇರುತ್ತವೆ. ಅರ್ಜಿ ಇಂಗ್ಲಿಷಿನಲ್ಲಿದ್ದರೆ ಅವಸರದಲ್ಲಿ ಮೊದಲನೆಯದಕ್ಕೇ ಗುರುತು ಬೀಳುವುದು ಸುಲಭ. ‘ನಾನು ಮಾಡಿಲ್ಲ’ ಎಂದರೆ ಯಾರೋ ನಿಮ್ಮ ಕಾರ್ಡನ್ನು ಕದ್ದು ಬಳಸಿದ್ದಾರೆ ಎಂದರ್ಥ. ಆಗ ಕಾರ್ಡನ್ನು ಸ್ಥಗಿತಗೊಳಿಸುತ್ತಾರೆ, ವಿಚಾರಣೆ ವಂಚನೆಯ ದಾರಿ ಹಿಡಿಯುತ್ತದೆ, ಪೊಲೀಸ್ ದೂರಿನ ಪ್ರತಿ ಕೇಳಬಹುದು. ಕಾರ್ಡು ಹಾಕಿ ಪಿನ್ ಒತ್ತಿದವರು ನೀವೇ ಎಂಬುದು ದಾಖಲೆಯಿಂದ ತಿಳಿದಾಗ ನಿಮ್ಮ ಮಾತೇ ನಿಮಗೆ ತಿರುಗಿಬೀಳುತ್ತದೆ. ನಮ್ಮ ಪ್ರಕರಣಕ್ಕೆ ಸರಿಯಾದ ಕಾರಣ ಒಂದೇ: ವಹಿವಾಟು ನನ್ನದು, ನಗದು ಬರಲಿಲ್ಲ. ಇದರ ಪಕ್ಕದಲ್ಲಿ ಕೇಳಿದ ಮೊತ್ತ, ಬಂದ ಮೊತ್ತ, ವಿವಾದಿತ ಮೊತ್ತ ಎಂಬ ಮೂರು ಜಾಗಗಳಿದ್ದರೆ 10,000, ಸೊನ್ನೆ, 10,000 ಎಂದು ಮೂರನ್ನೂ ತುಂಬಬೇಕು. 10,000 ಕೇಳಿ 8,000 ಮಾತ್ರ ಬಂದಿದ್ದರೆ ವಿವಾದ 2,000ದ್ದು. ಪೂರ್ತಿ ಮೊತ್ತ ಕೇಳಿದರೆ ಯಂತ್ರದ ಲೆಕ್ಕಕ್ಕೆ ತಾಳೆಯಾಗದೆ ನ್ಯಾಯವಾದ 2,000ವೂ ಸಿಕ್ಕಿಹಾಕಿಕೊಳ್ಳುತ್ತದೆ.

ಪಿನ್, ಕಾರ್ಡಿನ ಹಿಂಬದಿಯ ಮೂರಂಕಿ, ಒಟಿಪಿ, ಇವು ಯಾವ ದೂರಿನ ಅರ್ಜಿಗೂ ಬೇಕಿಲ್ಲ. ಕೇಳಿದವರು ಯಾರೇ ಆಗಲಿ, ಕೊಡಬೇಡಿ.

ದೂರು ಎಲ್ಲಿಗೆ ಕೊಡಬೇಕು ಎಂಬ ವಿಷಯದಲ್ಲಿ ಜನ ಸುಮ್ಮನೆ ಅಲೆಯುವುದನ್ನು ನೋಡಿದರೆ ಸಂಕಟವಾಗುತ್ತದೆ. ಎಟಿಎಂ ಯಾವ ಬ್ಯಾಂಕಿನದೋ ಆ ಬ್ಯಾಂಕಿಗೆ ಹೋಗುತ್ತಾರೆ, ಅವರು ನಿಮ್ಮ ಬ್ಯಾಂಕಿಗೆ ಹೋಗಿ ಎನ್ನುತ್ತಾರೆ, ಅಲ್ಲಿ ಮತ್ತೆ ಎಟಿಎಂನವರನ್ನು ಕೇಳಿ ಎನ್ನುತ್ತಾರೆ. ಕಾರ್ಡು ಕೊಟ್ಟ ಬ್ಯಾಂಕೇ ನಿಮ್ಮ ದೂರು ತೆಗೆದುಕೊಳ್ಳಬೇಕು. ಎಟಿಎಂ ಬ್ಯಾಂಕಿನಿಂದ ದಾಖಲೆ ತರಿಸಿಕೊಳ್ಳುವುದು, ಹಣ ವಸೂಲು ಮಾಡಿಕೊಳ್ಳುವುದು ಆ ಎರಡು ಬ್ಯಾಂಕುಗಳ ನಡುವಿನ ಕೆಲಸ. ಅರ್ಜಿ ಕೊಟ್ಟಾಗ ದೂರಿನ ಸಂಖ್ಯೆ ಅಥವಾ ಶಾಖೆಯ ಮೊಹರು, ದಿನಾಂಕ, ಸಹಿ ಇರುವ ಸ್ವೀಕೃತಿ ಪಡೆಯಲೇಬೇಕು. ಯಾದಗಿರಿ, ಬೀದರ್ ಕಡೆಯ ಹಳ್ಳಿಗಳಲ್ಲಿ ಬ್ಯಾಂಕ್ ಮಿತ್ರರ ಕೈಯಲ್ಲಿರುವ ಪುಟ್ಟ ಮೈಕ್ರೋ ಎಟಿಎಂಗೆ ಕಾರ್ಡು ಹಾಕಿ ಹೀಗಾದರೂ ಇದೇ ನಿಯಮ ಅನ್ವಯಿಸುತ್ತದೆ. ಹೆಬ್ಬೆಟ್ಟು ಒತ್ತಿ ಆಧಾರ್ ಮೂಲಕ ಹಣ ಪಡೆಯುವುದು ಬೇರೆ ಬಗೆಯ ವಹಿವಾಟು. ಅದಕ್ಕೆ ಕಾರ್ಡಿನ ಅರ್ಜಿ ತುಂಬಿದರೆ ಹುಡುಕುವ ಜಾಗವೇ ತಪ್ಪುತ್ತದೆ.

ನಿಯಮ ಯಾವುದೆಂದರೆ, ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್ 20ರಂದು ಹೊರಡಿಸಿದ ಸುತ್ತೋಲೆ. ಖಾತೆಯಿಂದ ಕಡಿತವಾಗಿ ನಗದು ಬಾರದಿದ್ದರೆ, ವಹಿವಾಟಿನ ದಿನದ ನಂತರ ಐದು ದಿನಗಳೊಳಗೆ ಬ್ಯಾಂಕು ತಾನಾಗಿಯೇ ಹಣವನ್ನು ಮರಳಿಸಬೇಕು. ತಡವಾದರೆ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರವನ್ನು ಗ್ರಾಹಕರ ಖಾತೆಗೆ ಜಮೆ ಮಾಡಬೇಕು, ಅದಕ್ಕೂ ಗ್ರಾಹಕರ ದೂರಿಗಾಗಿ ಕಾಯಬಾರದು. ಇವು ಕ್ಯಾಲೆಂಡರಿನ ದಿನಗಳು. ನಮ್ಮ ರೈತರ ಲೆಕ್ಕದಲ್ಲಿ ವಹಿವಾಟು 9ರಂದು, ಆದ್ದರಿಂದ ಕೊನೆಯ ದಿನ ಜನವರಿ 14. ನಡುವೆ ಎರಡನೇ ಶನಿವಾರ, ಭಾನುವಾರ ಬಂದವು ಎಂದು ಗಡುವು ಮುಂದಕ್ಕೆ ಹೋಗುವುದಿಲ್ಲ. ದೂರು ಕೊಟ್ಟದ್ದು ಸೋಮವಾರ, ಅಲ್ಲಿಂದ ಎಣಿಸುತ್ತೇವೆ ಎಂದು ಯಾರಾದರೂ ಹೇಳಿದರೆ ಅದೂ ತಪ್ಪು. ಎಣಿಕೆ ವಹಿವಾಟಿನ ದಿನದಿಂದಲೇ ಶುರು.

ದೂರು ಹೋದ ಮೇಲೆ ಏನು ನಡೆಯುತ್ತದೆ? ಎಟಿಎಂ ಬ್ಯಾಂಕಿನವರು ಮುಖ್ಯವಾಗಿ ಎರಡು ದಾಖಲೆ ನೋಡುತ್ತಾರೆ. ಒಂದು, ಯಂತ್ರದೊಳಗೆ ಕ್ಷಣಕ್ಷಣದ ಚಲನೆ ಬರೆದಿಡುವ ಇಲೆಕ್ಟ್ರಾನಿಕ್ ಜರ್ನಲ್. ಎಲ್ಲರೂ ಅದನ್ನು ಇಜೆ ಎಂದೇ ಕರೆಯುತ್ತಾರೆ. ಕಾರ್ಡು ಒಳಹೋದದ್ದು, ಪಿನ್ ಒತ್ತಿದ್ದು, ಉತ್ತರ ಬಂದದ್ದು, ಯಾವ ಪೆಟ್ಟಿಗೆಯಿಂದ ಎಷ್ಟು ನೋಟು ಎಳೆದದ್ದು, ಎಲ್ಲವೂ ಅಲ್ಲಿರುತ್ತದೆ. ಪದಗಳು ಯಂತ್ರದಿಂದ ಯಂತ್ರಕ್ಕೆ ಬೇರೆಯಾಗುತ್ತವೆ. ಹಲವು ಯಂತ್ರಗಳಲ್ಲಿ ನೋಟು ಬಾಯಿಗೆ ಬಂದಾಗ `NOTES PRESENTED` ಎಂದೂ ಗ್ರಾಹಕರು ತೆಗೆದುಕೊಂಡಾಗ `NOTES TAKEN` ಎಂದೂ ಬರುತ್ತದೆ. 10,000ಕ್ಕೆ ಐನೂರರ ಇಪ್ಪತ್ತು ನೋಟು. ಅವು ಎಣಿಕೆಯ ಹಂತದಲ್ಲೇ ನಿಂತಿದ್ದರೆ ಈ ಎರಡು ಸಾಲುಗಳು ಇರುವುದಿಲ್ಲ, ದೋಷದ ಸಾಲು ಇರುತ್ತದೆ. ಎರಡನೆಯ ದಾಖಲೆ ನಗದಿನ ತಾಳೆಪಟ್ಟಿ. ಯಂತ್ರಕ್ಕೆ ಹಣ ತುಂಬುವವರು ಬಂದಾಗ ತುಂಬಿದ್ದೆಷ್ಟು, ಹೊರಹೋಗಿದ್ದೆಷ್ಟು, ಒಳಗೆ ಉಳಿದದ್ದೆಷ್ಟು ಎಂದು ಎಣಿಸುತ್ತಾರೆ. ಲೆಕ್ಕಕ್ಕಿಂತ 10,000 ಹೆಚ್ಚಿಗೆ ಸಿಕ್ಕಿದ್ದರೆ ಅದು ಯಾರದೋ ಕೈಗೆ ಹೋಗಬೇಕಿದ್ದ ಹಣ.

ದೂರನ್ನು ತಿರಸ್ಕರಿಸಿದರೆ ‘ನನಗೆ ಅನ್ಯಾಯವಾಗಿದೆ’ ಎಂದಷ್ಟೇ ಮತ್ತೆ ಬರೆದು ಪ್ರಯೋಜನವಿಲ್ಲ. 9ನೇ ತಾರೀಖಿನ 7.42ರ ವಹಿವಾಟಿನ ಇಜೆ ಪ್ರತಿ, ಆ ಯಂತ್ರದ ನಗದು ತಾಳೆಪಟ್ಟಿ, ಸಿಸಿ ಕ್ಯಾಮೆರಾದ ದೃಶ್ಯ, ಈ ಮೂರನ್ನು ಹೆಸರಿಸಿ ಕೇಳಿ. ಕ್ಯಾಮೆರಾದ ದೃಶ್ಯಗಳನ್ನು ಕೆಲವು ಕಾಲದ ನಂತರ ಅಳಿಸಿಬಿಡುವುದರಿಂದ ಅದನ್ನು ಕಾಯ್ದಿಡಿ ಎಂಬ ಕೋರಿಕೆ ಮೊದಲ ಅರ್ಜಿಯಲ್ಲೇ ಇರುವುದು ಒಳ್ಳೆಯದು. ಇಜೆ ಪ್ರತಿ ಕೈಗೆ ಬಂದರೆ ಮೊದಲು ಅದರ ತಲೆಯಲ್ಲಿರುವ ಎಟಿಎಂ ಸಂಖ್ಯೆ ಮತ್ತು ಸಮಯ ನೋಡಿ. ಅಲ್ಲಿ 7.49 ಎಂದಿದ್ದರೆ ಅವರು ನೋಡಿರುವುದು ಬೇರೆ ಯಂತ್ರದ ಬೇರೆ ವಹಿವಾಟು. ಆಗ ಸ್ಟೇಟ್‌ಮೆಂಟಿನ ಎರಡೂ ಸಾಲುಗಳನ್ನು ತೋರಿಸಿ, ವಿವಾದ ಮೊದಲನೆಯದರ ಬಗ್ಗೆ ಎಂದು ಸ್ಪಷ್ಟವಾಗಿ ಬರೆದು ಮತ್ತೆ ಕೊಡಬೇಕು. ಸಮಯ, ಯಂತ್ರ ಎರಡೂ ಸರಿಯಿದ್ದು `NOTES TAKEN` ಎಂದೇ ಇದ್ದರೆ ವಿಷಯ ಗಂಭೀರ: ನೋಟು ಹೊರಬರುವ ಬಾಯಿಗೆ ಯಾರೋ ಪಟ್ಟಿ ಅಡ್ಡ ಇಟ್ಟು, ನೀವು ಹೋದ ಮೇಲೆ ಹಣ ಎತ್ತಿರುವ ಸಾಧ್ಯತೆಯಿದೆ. ಅದು ಕಳವು, ಅದಕ್ಕೆ ಪೊಲೀಸ್ ದೂರು ಬೇಕು, ಕ್ಯಾಮೆರಾದ ದೃಶ್ಯವೇ ಮುಖ್ಯ ಸಾಕ್ಷಿ.

ಬ್ಯಾಂಕಿಗೆ ದೂರು ಕೊಟ್ಟು 30 ದಿನವಾದರೂ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ `cms.rbi.org.in` ಮೂಲಕ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು. ಮಾಹಿತಿಗೆ 14448 ಸಂಖ್ಯೆಗೆ ಕರೆ ಮಾಡಬಹುದು. ಬ್ಯಾಂಕಿಗೆ ಮೊದಲು ದೂರು ಕೊಟ್ಟಿದ್ದರ ಸ್ವೀಕೃತಿ ಇಲ್ಲದೆ ಅಲ್ಲಿ ಮುಂದುವರಿಯಲಾಗದು.

ಹಣ ಬಂದ ಮೇಲೂ ಸ್ಟೇಟ್‌ಮೆಂಟನ್ನು ಇನ್ನೊಮ್ಮೆ ತೆಗೆಸಿ ನೋಡಬೇಕು. ರೈತರ ಖಾತೆಗೆ ಜನವರಿ 23ರಂದು 10,000 ಜಮೆಯಾಯಿತು ಎಂದುಕೊಳ್ಳಿ. 14ರ ನಂತರ ಒಂಬತ್ತು ದಿನ ತಡ, ಆದ್ದರಿಂದ 900 ರೂಪಾಯಿ ಪ್ರತ್ಯೇಕವಾಗಿ ಬರಬೇಕು. 10,000 ಮಾತ್ರ ಬಂದಿದ್ದರೆ 900ಕ್ಕಾಗಿ ದಿನಾಂಕಗಳ ಸಮೇತ ಬರೆದು ಕೇಳುವ ಹಕ್ಕು ಅವರಿಗಿದೆ. ಶುಲ್ಕದ ಸಾಲನ್ನೂ ನೋಡಬೇಕು. ಕಲಬುರಗಿಯಂಥ ಊರಿನಲ್ಲಿ ಸಾಮಾನ್ಯ ಉಳಿತಾಯ ಖಾತೆಗೆ ಬೇರೆ ಬ್ಯಾಂಕಿನ ಎಟಿಎಂಗಳಲ್ಲಿ ತಿಂಗಳಿಗೆ ಐದು ವಹಿವಾಟು ಉಚಿತ, ಯಂತ್ರದ ದೋಷದಿಂದ ವಿಫಲವಾದದ್ದನ್ನು ಆ ಐದರಲ್ಲಿ ಎಣಿಸುವಂತಿಲ್ಲ. ವಿಫಲವಾದದ್ದನ್ನೂ ಲೆಕ್ಕಕ್ಕೆ ಹಿಡಿದು ನಂತರದ್ದನ್ನು ಆರನೆಯದೆಂದು ಮಾಡಿದ್ದರೆ 23 ರೂಪಾಯಿ ಮತ್ತು ತೆರಿಗೆ ಸೇರಿ 27 ರೂಪಾಯಿ 14 ಪೈಸೆಯವರೆಗೆ ಕಡಿತವಾಗಿರುತ್ತದೆ. ಅದೂ ವಾಪಸು ಬರಬೇಕು.

ಕೆಲವು ಬ್ಯಾಂಕುಗಳು ವಿಚಾರಣೆ ಮುಗಿಯುವ ಮೊದಲೇ ತಾತ್ಕಾಲಿಕವಾಗಿ ಜಮೆ ಮಾಡುತ್ತವೆ. ಎಟಿಎಂ ಬ್ಯಾಂಕು ‘ಹಣ ಕೊಟ್ಟಾಗಿದೆ’ ಎಂದು ಇಜೆ ತೋರಿಸಿದರೆ ಆ ಜಮೆಯನ್ನು ಹಿಂತೆಗೆದುಕೊಳ್ಳಬಹುದು. ಖಾತೆಯಲ್ಲಿ 10,000 ಕಂಡ ಕೂಡಲೇ ಸ್ವೀಕೃತಿ, ಚೀಟಿ, ಸಂದೇಶಗಳನ್ನೆಲ್ಲ ಎಸೆದವರು ಆಗ ಬರಿಗೈಯಲ್ಲಿ ನಿಲ್ಲುತ್ತಾರೆ. ದೂರು ಅಂತಿಮವಾಗಿ ಇತ್ಯರ್ಥವಾಗಿದೆ ಎಂಬ ಲಿಖಿತ ಉತ್ತರವೋ ಸಂದೇಶವೋ ಬರುವವರೆಗೆ ಕಾಗದಗಳನ್ನು ಒಂದೆಡೆ ಇಟ್ಟುಕೊಂಡು, ಅಂಥ ಮರುಕಡಿತ ಕಂಡರೆ ಅದೇ ದೂರಿನ ಸಂಖ್ಯೆ ಹಿಡಿದು ಇಜೆ ಪ್ರತಿ ಕೇಳಬೇಕು.